ಮಿಕ್ಸಿಯ ವಿವರಣೆಯನ್ನು ಬಿಡಿಸಿ ಬರೆಯುವ ಬಗೆ

ಮಾರಾಟಕ್ಕಿಟ್ಟ ವಸ್ತುವಿನ ವಿವರಣೆಯನ್ನು ಕೊಳ್ಳುವವರು ಮೊದಲಿಂದ ಕೊನೆಯವರೆಗೆ ಓದುವುದು ಅಪರೂಪ. 1997ರಲ್ಲಿ ಜಾನ್ ಮೋರ್ಕ್ಸ್ ಮತ್ತು ಯಾಕೋಬ್ ನೀಲ್ಸನ್ ಪರದೆಯ ಓದನ್ನು ಪರೀಕ್ಷಿಸಿದಾಗ, ನೂರಕ್ಕೆ 79 ಮಂದಿ ಹೊಸ ಪುಟದ ಮೇಲೆ ಬರಿದೆ ಕಣ್ಣಾಡಿಸಿದ್ದರು. ಪದಪದವನ್ನೂ ಓದಿದವರು 16 ಮಂದಿ ಮಾತ್ರ.

ಮಿಕ್ಸಿಯೊಂದರ ವಿವರಣೆ ಹೀಗಿದೆ ಎಂದುಕೊಳ್ಳಬಹುದು: “750 ವ್ಯಾಟ್ ಮೋಟಾರಿನ ಈ ಮಿಕ್ಸಿಯಲ್ಲಿ 1.5 ಲೀಟರಿನ ದೊಡ್ಡ ಜಾರ್ ಮತ್ತು 400 ಮಿ.ಲೀ. ಚಟ್ನಿ ಜಾರ್ ಇದ್ದು, ನೆನೆಸಿದ ಉದ್ದಿನಬೇಳೆಯನ್ನು ನುಣ್ಣಗೆ ರುಬ್ಬುತ್ತದೆ, ಮೋಟಾರಿಗೆ 5 ವರ್ಷ, ಉಳಿದದ್ದಕ್ಕೆ 2 ವರ್ಷ ವಾರಂಟಿ ಇದೆ, ಒಂದೇ ಸಮನೆ 5 ನಿಮಿಷಕ್ಕಿಂತ ಹೆಚ್ಚು ಓಡಿಸಬಾರದು, ಹೊರೆ ಹೆಚ್ಚಾದರೆ ತಾನೇ ನಿಲ್ಲುತ್ತದೆ, ಆಗ ತಣ್ಣಗಾದ ಮೇಲೆ ತಳದ ಕೆಂಪು ಗುಂಡಿ ಒತ್ತಬೇಕು.”

ಇದನ್ನು ಬಿಡಿಸುವಾಗ ಮೊದಲ ಕೆಲಸ ವಿಂಗಡಣೆ. ಅಳೆಯಬಹುದಾದದ್ದು ಕೋಷ್ಟಕಕ್ಕೆ ಹೋಗುತ್ತದೆ. ಕೊಳ್ಳಲು ಕಾರಣವಾಗುವಂಥದ್ದು ಬುಲೆಟ್ ಸಾಲಾಗುತ್ತದೆ. ಬಳಸುವ ಕ್ರಮ ವಾಕ್ಯವಾಗಿಯೇ ಉಳಿದು, ತಲೆಯ ಮೇಲೊಂದು ಉಪಶೀರ್ಷಿಕೆ ಪಡೆಯುತ್ತದೆ.

ಅಡುಗೆಮನೆಯಲ್ಲಿ
- ಉದ್ದಿನಬೇಳೆ ನುಣ್ಣಗೆ ರುಬ್ಬುತ್ತದೆ
- ಹೊರೆ ಹೆಚ್ಚಾದರೆ ತಾನೇ ನಿಲ್ಲುತ್ತದೆ

ಮಿಕ್ಸಿ ನಿಂತುಹೋದರೆ
ಒಂದೇ ಸಮನೆ 5 ನಿಮಿಷಕ್ಕಿಂತ ಹೆಚ್ಚು ಓಡಿಸಬಾರದು. ನಿಂತರೆ ಸ್ವಿಚ್ ಆರಿಸಿ, ತಣ್ಣಗಾದ ಮೇಲೆ ತಳದ ಕೆಂಪು ಗುಂಡಿ ಒತ್ತಬೇಕು.

| ವಿವರ | ಅಳತೆ |
|---|---|
| ಮೋಟಾರ್ | 750 ವ್ಯಾಟ್ |
| ದೊಡ್ಡ ಜಾರ್ | 1.5 ಲೀಟರ್ |
| ಚಟ್ನಿ ಜಾರ್ | 0.4 ಲೀಟರ್ |
| ವಾರಂಟಿ, ಮೋಟಾರ್ | 5 ವರ್ಷ |
| ವಾರಂಟಿ, ಉಳಿದ ಭಾಗ | 2 ವರ್ಷ |

ಮಿಲಿಲೀಟರ್ ಇಲ್ಲಿ ಲೀಟರಾಗಿದೆ. ಎರಡು ಜಾರುಗಳ ಅಳತೆ ಒಂದೇ ಮಾನದಲ್ಲಿದ್ದರೆ ಹೋಲಿಸುವುದು ಸುಲಭ. ವಾರಂಟಿಯನ್ನು ಎರಡು ಸಾಲಾಗಿ ಒಡೆದದ್ದು ಇನ್ನೂ ಮುಖ್ಯ. “5 ವರ್ಷ ವಾರಂಟಿ” ಎಂದಷ್ಟೇ ಬುಲೆಟ್ಟಿನಲ್ಲಿ ಬರೆದರೆ ಒಡೆದ ಜಾರಿಗೂ ಅದು ಸಲ್ಲುತ್ತದೆಂದು ಕೊಂಡವರು ನಂಬುತ್ತಾರೆ. ಬುಲೆಟ್ ಸಾಲು ಆ ವಸ್ತುವಿಗೇ ಸೇರಿದ ಪದದಿಂದ ಶುರುವಾಗಬೇಕು. ಪ್ರತಿ ಸಾಲೂ “ಉತ್ತಮ ಗುಣಮಟ್ಟದ” ಎಂದು ಮೊದಲಾದರೆ ಕಣ್ಣಿಗೆ ಹಿಡಿತ ಸಿಗುವುದಿಲ್ಲ.

ಹೆಚ್ಚು ಕೆಡುವುದು ಎಲ್ಲವನ್ನೂ ಬುಲೆಟ್ ಮಾಡಿದಾಗ. “ಕೆಂಪು ಗುಂಡಿ ಇದೆ”, “ತಾನೇ ನಿಲ್ಲುತ್ತದೆ” ಎಂದು ಎರಡು ಕಡೆ ಹಂಚಿಹೋದರೆ ಇವುಗಳ ನಡುವಿನ ಸಂಬಂಧವೇ ಕಡಿದುಹೋಗುತ್ತದೆ. ಗುಂಡಿ ಒತ್ತಿದರೆ ಸಾಕಾಗಿದ್ದ ಮಿಕ್ಸಿಯನ್ನು ಕೆಟ್ಟಿತೆಂದು ರಿಪೇರಿಗೆ ಒಯ್ಯುತ್ತಾರೆ. “ಆದ್ದರಿಂದ”, “ಆಗ”, “ಆಮೇಲೆ” ಎಂಬ ಕೊಂಡಿಯಿರುವ ಮಾತನ್ನು ತುಂಡರಿಸದಿರುವುದೇ ಲೇಸು.

ಕೋಷ್ಟಕವನ್ನು ಚಿತ್ರವಾಗಿ ಅಂಟಿಸುವುದೂ ತಪ್ಪು. ಮೊಬೈಲಿನಲ್ಲಿ ಅಕ್ಷರ ಕಿರಿದಾಗುತ್ತದೆ, ದೃಷ್ಟಿಯಿಲ್ಲದವರಿಗೆ ಓದಿಹೇಳುವ ತಂತ್ರಾಂಶಕ್ಕೆ ಅದರೊಳಗಿನ ಅಂಕಿಗಳು ಸಿಗುವುದಿಲ್ಲ. ಎರಡೇ ಕಾಲಮ್ಮಿನ ನಿಜವಾದ ಕೋಷ್ಟಕ ಸಣ್ಣ ಪರದೆಗೂ ಹೊಂದುತ್ತದೆ.

ಕೊನೆಗೆ ಮೂಲ ಬರಹದ ಪ್ರತಿ ಅಂಕಿಯನ್ನೂ ಹೊಸದರಲ್ಲಿ ಹುಡುಕಿ ಗುರುತು ಹಾಕಬೇಕು. ಆಗ ಬಿಟ್ಟುಹೋದದ್ದು ಮಾತ್ರವಲ್ಲ, ಮೊದಲೇ ಇಲ್ಲದಿದ್ದದ್ದೂ ಕಾಣುತ್ತದೆ: ಈ ಮಿಕ್ಸಿಯ ತೂಕವನ್ನಾಗಲಿ, ವೈರಿನ ಉದ್ದವನ್ನಾಗಲಿ ಮೂಲದಲ್ಲಿ ಎಲ್ಲೂ ಹೇಳಿರಲಿಲ್ಲ. ಅವನ್ನು ತಯಾರಕರಿಂದ ಕೇಳಿ ತುಂಬಬೇಕು, ಊಹಿಸಿ ಬರೆಯಬಾರದು.