ವಾರದ ಮಾತ್ರೆ

ಆಸ್ಪತ್ರೆಯ ಬಿಡುಗಡೆ ಚೀಟಿಯಲ್ಲಿ ‘ಬಿ.ಡಿ.’ ಎಂದರೆ ದಿನಕ್ಕೆರಡು ಸಲ, ‘ಎ.ಸಿ.’ ಎಂದರೆ ಊಟಕ್ಕೆ ಮುಂಚೆ. ಇವು ಲ್ಯಾಟಿನ್ ಭಾಷೆಯ ಸಂಕ್ಷೇಪಗಳು. ಇವನ್ನು ಕನ್ನಡಿಸುವುದು ಸುಲಭ. ತೊಡಕಿರುವುದು ವಾರದ ಮಾತ್ರೆಯಲ್ಲಿ.

ತುರುವೇಕೆರೆಯಲ್ಲಿ ನಮ್ಮ ನೆರೆಯ ವೃದ್ಧೆಯೊಬ್ಬರ ಚೀಟಿಯಲ್ಲಿ, ಸಂಧಿವಾತಕ್ಕೆಂದು ಮೆಥೊಟ್ರೆಕ್ಸೇಟ್ 10 ಮಿಲಿಗ್ರಾಂ, ವಾರಕ್ಕೊಮ್ಮೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು; ಪಕ್ಕದಲ್ಲಿ 0-0-1, ಅಂದರೆ ಬೆಳಗ್ಗೆ ಇಲ್ಲ, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಅವರ ಮಗನು ಅಂಕಿಗಳನ್ನಷ್ಟೇ ನೋಡಿ ಪ್ರತಿರಾತ್ರಿಯೂ ಕೊಡತಕ್ಕದ್ದೆಂದು ಭಾವಿಸಿದ್ದನು. ಈ ಔಷಧವನ್ನು ನಿತ್ಯವೂ ಸೇವಿಸಿದರೆ ರಕ್ತವನ್ನುಂಟುಮಾಡುವ ಮಜ್ಜೆಯೇ ಕುಂದಿ ಪ್ರಾಣಕ್ಕೆ ಅಪಾಯವಾಗುವುದು.

ವೈದ್ಯರನ್ನು ಕೇಳಿ ವಾರವನ್ನು ಗೊತ್ತುಮಾಡಿಕೊಂಡು ಹೀಗೆ ಬರೆದುಕೊಟ್ಟೆನು: “ಭಾನುವಾರ ರಾತ್ರಿ ಊಟವಾದ ಮೇಲೆ 10 ಮಿಲಿಗ್ರಾಮಿನ ಒಂದು ಮಾತ್ರೆ. ಸೋಮವಾರದಿಂದ ಶನಿವಾರದವರೆಗೆ ಈ ಮಾತ್ರೆ ಇಲ್ಲ.” ‘ಇಲ್ಲ’ ಎಂಬುದನ್ನು ಬರೆಯದೆ ಬಿಡಕೂಡದು. ತೂಕವನ್ನೂ ಬಿಡಕೂಡದು, ಅಂಗಡಿಯವನು 2.5 ಮಿಲಿಗ್ರಾಮಿನ ಮಾತ್ರೆ ಕೊಟ್ಟರೆ ಒಂದಲ್ಲ, ನಾಲ್ಕು ಬೇಕಾಗುವುವು. ಔಷಧದ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿಯೇ ಉಳಿಸಿದೆನು, ಹೊದಿಕೆಯೊಡನೆ ಹೋಲಿಸಬೇಕಲ್ಲವೆ?

ಕೆಳಗೆ ಇನ್ನೊಂದು ಸಾಲು: “ಬಾಯಿಹುಣ್ಣು, ಜ್ವರ, ಕಾರಣವಿಲ್ಲದೆ ಮೈಮೇಲೆ ನೀಲಿಗಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಮಾತ್ರೆಯನ್ನು ನುಂಗದೆ ಅಂದೇ ವೈದ್ಯರಲ್ಲಿಗೆ ಹೋಗುವುದು.”