ಸಾಲ ಒಂದು, ರಿಟರ್ನ್ ಎರಡು

ಇಬ್ಬರೂ ದುಡಿಯುವ ಮನೆಗಳಲ್ಲಿ ಖರ್ಚು ಹಂಚಿಕೊಳ್ಳುವ ಒಂದು ರೂಢಿ ಇದೆ. ಗೃಹಸಾಲದ ಕಂತು ಗಂಡನ ಖಾತೆಯಿಂದ ಹೋಗುತ್ತದೆ. ದಿನಸಿ, ಮಕ್ಕಳ ಫೀಸು, ಕರೆಂಟ್ ಬಿಲ್ಲು ಹೆಂಡತಿಯ ಸಂಬಳದಿಂದ. ಸಂಸಾರದ ಮಟ್ಟಿಗೆ ಇದರಲ್ಲಿ ತಪ್ಪೇನಿಲ್ಲ. ಆದರೆ ಜುಲೈ ತಿಂಗಳಲ್ಲಿ ಇಬ್ಬರೂ ರಿಟರ್ನ್ ತುಂಬಲು ಕುಳಿತು ಸಾಲದ ಬಡ್ಡಿಯನ್ನು ಅರ್ಧ ಅರ್ಧ ತೋರಿಸಿದಾಗ, ಹೆಂಡತಿಯ ಕೈಯಲ್ಲಿ ಕಂತು ಕಟ್ಟಿದ್ದಕ್ಕೆ ಒಂದು ಚೀಟಿಯೂ ಇರುವುದಿಲ್ಲ.

ವಾಸದ ಮನೆಯ ಸಾಲಕ್ಕೆ ಹಳೆ ತೆರಿಗೆ ಪದ್ಧತಿಯಲ್ಲಿ ಎರಡು ಕಡಿತಗಳಿವೆ. 1961ರ ಕಾಯ್ದೆಯ 24(ಬಿ) ಸೆಕ್ಷನ್ ಪ್ರಕಾರ ಬಡ್ಡಿಗೆ ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ಒಂದು. 80ಸಿ ಅಡಿ ಅಸಲಿಗೆ ಇನ್ನೊಂದು. ಪಿಎಫ್, ಎಲ್‌ಐಸಿ ಎಲ್ಲ ಸೇರಿ ಅದರ ಮಿತಿ ಒಂದೂವರೆ ಲಕ್ಷ. ಈ ಮಿತಿಗಳು ಮನೆಗಲ್ಲ, ಮಾಲೀಕರಿಗೆ. ಇಬ್ಬರು ಮಾಲೀಕರ ಪಾಲು ಇಷ್ಟಿಷ್ಟು ಎಂದು ಖಚಿತವಾಗಿದ್ದರೆ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಲೆಕ್ಕ ಹಾಕಬೇಕು ಎನ್ನುತ್ತದೆ ಅದೇ ಕಾಯ್ದೆಯ 26ನೇ ಸೆಕ್ಷನ್.

ಮೈಸೂರಿನಲ್ಲಿ ಫ್ಲ್ಯಾಟ್ ಕೊಂಡ ದಂಪತಿಯೊಂದನ್ನು ಊಹಿಸಿಕೊಳ್ಳಿ. ಸಾಲ 60 ಲಕ್ಷ, ಬಡ್ಡಿ ಶೇ 8.5, ಅವಧಿ 20 ವರ್ಷ. ತಿಂಗಳ ಕಂತು ಸುಮಾರು 52,070 ರೂಪಾಯಿ. ಮೊದಲ ಹನ್ನೆರಡು ಕಂತುಗಳಲ್ಲಿ ಬಡ್ಡಿಗೇ ಸುಮಾರು 5.05 ಲಕ್ಷ ಹೋಗುತ್ತದೆ; ಅಸಲಿಗೆ ಸೇರುವುದು 1.19 ಲಕ್ಷ ಮಾತ್ರ. ಗಂಡನೊಬ್ಬನೇ ತೋರಿಸಿದರೆ 2 ಲಕ್ಷಕ್ಕೆ ಬಡ್ಡಿಯ ಕಡಿತ ಮುಗಿಯಿತು, ಉಳಿದ 3 ಲಕ್ಷ ಲೆಕ್ಕಕ್ಕೇ ಇಲ್ಲ. ಸಮಪಾಲಾದರೆ ಒಬ್ಬೊಬ್ಬರ ಬಡ್ಡಿ ಎರಡೂವರೆ ಲಕ್ಷ. ಇಬ್ಬರೂ ತಲಾ 2 ಲಕ್ಷ ಕಳೆಯಬಹುದು. ಪಾಲು 70:30 ಆಗಿದ್ದರೆ? ಗಂಡನಿಗೆ 2 ಲಕ್ಷ, ಹೆಂಡತಿಗೆ ಒಂದೂವರೆ ಲಕ್ಷದಷ್ಟು. ಗಂಡನ ಪಾಲಿನಲ್ಲಿ ಮಿತಿ ಮೀರಿದ್ದನ್ನು ಹೆಂಡತಿಯ ಕಡೆಗೆ ಸರಿಸುವಂತಿಲ್ಲ.

ಹಾಗಾಗಿ ಪಾಲು ನಿರ್ಧಾರವಾಗುವುದು ರಿಟರ್ನ್ ತುಂಬುವಾಗ ಅಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಕ್ರಯಪತ್ರದಲ್ಲಿ ಇಬ್ಬರ ಹೆಸರಿನ ಜೊತೆಗೆ ಯಾರ ಪಾಲು ಶೇಕಡಾ ಎಷ್ಟು ಎಂದು ಬರೆಸುವುದು ಒಳ್ಳೆಯದು. ಬರೆಸದಿದ್ದರೆ ಯಾರು ಎಷ್ಟು ಹಣ ಹಾಕಿದರು ಎಂಬ ಕಡೆಗೆ ಪ್ರಶ್ನೆ ತಿರುಗುತ್ತದೆ. ಆಗ ಮುಂಗಡ ಕೊಟ್ಟ ಚೆಕ್ಕಿನಿಂದ ಹಿಡಿದು ಎಲ್ಲ ದಾಖಲೆಯನ್ನೂ ಹುಡುಕಬೇಕಾಗುತ್ತದೆ. ಹೇಳಿಕೊಳ್ಳುವ ಅನುಪಾತ ವರ್ಷಕ್ಕೊಂದು ಥರ ಇರಬಾರದು, ಬಡ್ಡಿಗೊಂದು ಅಸಲಿಗೊಂದು ಎಂದೂ ಇರಬಾರದು.

ಕ್ರಯಪತ್ರದಲ್ಲಿ ಹೆಸರಿದ್ದು ಸಾಲದಲ್ಲಿ ಇಲ್ಲದವರು ಬಡ್ಡಿ ಕೇಳುವಂತಿಲ್ಲ, ಏಕೆಂದರೆ ಬ್ಯಾಂಕಿಗೆ ಅವರು ಬಾಕಿದಾರರಲ್ಲ. ಇದರ ಉಲ್ಟಾ ಪ್ರಕರಣವೇ ಹೆಚ್ಚು. ಒಬ್ಬರ ಸಂಬಳಕ್ಕೆ ಸಾಕಷ್ಟು ಸಾಲ ಸಿಗುವುದಿಲ್ಲವೆಂದು ಬ್ಯಾಂಕಿನವರು ಹೆಂಡತಿಯನ್ನೂ ಸಹ-ಸಾಲಗಾರಳಾಗಿ ಸೇರಿಸುತ್ತಾರೆ. ಮನೆ ಮಾತ್ರ ಗಂಡನ ಹೆಸರಿಗೆ ನೋಂದಣಿಯಾಗುತ್ತದೆ. ಆಕೆ ಪ್ರತಿ ತಿಂಗಳು ಅರ್ಧ ಕಂತು ಕಟ್ಟಿದರೂ ಕಡಿತ ಸಿಗದು, ಮಾಲೀಕತ್ವವೇ ಇಲ್ಲವಲ್ಲ. ಆಮೇಲೆ ದಾನಪತ್ರದ ಮೂಲಕ ಹೆಂಡತಿಯ ಹೆಸರು ಸೇರಿಸಿದರೆ ಸರಿಹೋದೀತೆಂದು ಸಲಹೆ ಕೊಡುವವರಿದ್ದಾರೆ. ಗಂಡ ತಕ್ಕ ಬೆಲೆ ಪಡೆಯದೆ ಹೆಂಡತಿಗೆ ಮನೆ ಬರೆದುಕೊಟ್ಟರೆ ತೆರಿಗೆಯ ಮಟ್ಟಿಗೆ ಆ ಭಾಗಕ್ಕೂ ಅವನೇ ಮಾಲೀಕ ಎಂದು 27ನೇ ಸೆಕ್ಷನ್ ಹೇಳುತ್ತದೆ.

ಇನ್ನು ಹಣದ ಜಾಡು. ಬಡ್ಡಿಯ ವಿಷಯದಲ್ಲಿ ಕಾಯ್ದೆ ಹೇಳುವುದು 'ಸಲ್ಲಬೇಕಾದ ಬಡ್ಡಿ' ಎಂದು, ಅಸಲಿನ ವಿಷಯದಲ್ಲಿ 'ಪಾವತಿಸಿದ್ದು' ಎಂದು. ಆದ್ದರಿಂದ ಅಸಲಿಗೆ ಸ್ವಂತ ಹಣ ಹೋಗಿದ್ದಕ್ಕೆ ಆಧಾರ ಬೇಕೇ ಬೇಕು. ಬಡ್ಡಿಗೂ ನೋಟಿಸು ಬಂದರೆ ಅಧಿಕಾರಿ ಕೇಳುವುದು ಇದನ್ನೇ: ಕಂತಿನ ಭಾರ ಹೊತ್ತವರು ಯಾರು? 'ಮನೆ ಖರ್ಚೆಲ್ಲ ನನ್ನದೇ ಸಾರ್' ಎಂಬ ಉತ್ತರಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟಿನ ಆಸರೆ ಇರುವುದಿಲ್ಲ.

ಪರಿಹಾರ ಸುಲಭವಿದೆ. ಕಂತು ಯಾವ ಖಾತೆಯಿಂದ ಕಡಿತವಾಗುತ್ತದೋ ಆ ಖಾತೆಗೆ ಹೆಂಡತಿಯ ಸಂಬಳದ ಖಾತೆಯಿಂದ ಆಕೆಯ ಪಾಲು ಪ್ರತಿ ತಿಂಗಳು ತಾನಾಗಿ ವರ್ಗಾವಣೆಯಾಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟರೆ ಆಯಿತು. ನಮ್ಮ ಉದಾಹರಣೆಯಲ್ಲಿ ಅದು 26,035 ರೂಪಾಯಿ, ಕಂತಿನ ದಿನಕ್ಕೆ ಒಂದೆರಡು ದಿನ ಮೊದಲು. ವಿವರದ ಜಾಗದಲ್ಲಿ 'ಗೃಹಸಾಲದ ಪಾಲು' ಎಂದಿರಲಿ. ಜಂಟಿ ಖಾತೆಯಾದರೂ ನಡೆಯುತ್ತದೆ, ಆದರೆ ಇಬ್ಬರ ಹಣವೂ ಅದಕ್ಕೆ ಬರುತ್ತಿರಬೇಕು. ಗಂಡನ ಸಂಬಳ ಮಾತ್ರ ಬೀಳುವ ಖಾತೆಗೆ ಹೆಂಡತಿಯ ಹೆಸರು ಸೇರಿಸಿದ ಮಾತ್ರಕ್ಕೆ ಆಕೆ ಕಟ್ಟಿದಂತಾಗುವುದಿಲ್ಲ. ಮಾರ್ಚ್ ಕೊನೆಗೆ ಒಂದೇ ಸಲ ಮೂರು ಲಕ್ಷ ವರ್ಗಾಯಿಸುವುದು ತಪ್ಪಲ್ಲ, ನೋಡಿದವರಿಗೆ ಅನುಮಾನ ಬರುವುದಂತೂ ಖಂಡಿತ.

ಬ್ಯಾಂಕು ಕೊಡುವ ಬಡ್ಡಿ ಪ್ರಮಾಣಪತ್ರದಲ್ಲಿ ಇಬ್ಬರ ಹೆಸರಿದ್ದರೂ ಮೊತ್ತ ಒಂದೇ: ಪೂರ್ತಿ 5.05 ಲಕ್ಷ. ಎಷ್ಟು ಯಾರದ್ದು ಎಂದು ಅದರಲ್ಲಿ ಇರುವುದಿಲ್ಲ. ಎರಡು ಕಂಪನಿಗಳಿಗೆ ಎರಡು ನಕಲು ಹೋಗಿ, ಇಬ್ಬರೂ ಪೂರ್ತಿ ಅಸಲನ್ನು ತೋರಿಸಿಬಿಡುವುದು ಹೀಗೆಯೇ. ಪ್ರಮಾಣಪತ್ರದ ಜೊತೆ ಇಬ್ಬರೂ ಸಹಿ ಮಾಡಿದ, ಪಾಲಿನ ಅನುಪಾತ ಬರೆದ ಸರಳ ಘೋಷಣೆಯನ್ನು ಕೊಡಿ. ಉದ್ಯೋಗದಾತರಿಗೆ ಕೊಡುವ ನಮೂನೆಯಲ್ಲಿ ತಮ್ಮ ಪಾಲಿನ ಬಡ್ಡಿಯನ್ನು ಮಾತ್ರ ಬರೆದು, ಬ್ಯಾಂಕಿನ ಪ್ಯಾನ್ ನಮೂದಿಸಬೇಕು. ಜನವರಿಯಲ್ಲಿ ಸಿಗುವುದು ತಾತ್ಕಾಲಿಕ ಪ್ರಮಾಣಪತ್ರ. ಆಮೇಲೆ ದೊಡ್ಡ ಮೊತ್ತ ಮುಂಗಡ ಕಟ್ಟಿದ್ದರೆ ಅಂಕಿ ಬದಲಾಗಿರುತ್ತದೆ; ರಿಟರ್ನ್‌ಗೆ ಏಪ್ರಿಲ್ ನಂತರದ ಅಂತಿಮ ಪತ್ರವೇ ಆಧಾರ. ಈಗ ರಿಟರ್ನ್ ನಮೂನೆಯೇ ಸಾಲದ ಖಾತೆ ಸಂಖ್ಯೆ, ಮಂಜೂರಾದ ದಿನ, ಮಾರ್ಚ್ 31ರ ಬಾಕಿ ಕೇಳುತ್ತದೆ. ಒಂದೇ ಖಾತೆ ಸಂಖ್ಯೆ ಇಬ್ಬರ ರಿಟರ್ನ್‌ನಲ್ಲೂ ಇರುವುದರಿಂದ ಕೂಡಿ ನೋಡುವುದು ಕಷ್ಟವೇನಲ್ಲ.

ಕಟ್ಟಡ ಮುಗಿದ ಪ್ರಮಾಣಪತ್ರ ಅಥವಾ ಸ್ವಾಧೀನ ಪತ್ರ ಇಬ್ಬರ ಕಡತದಲ್ಲೂ ಇರಲಿ. ಮನೆ ಪೂರ್ತಿಯಾಗುವ ಮುಂಚಿನ ಬಡ್ಡಿಯನ್ನು ಪೂರ್ತಿಯಾದ ವರ್ಷದಿಂದ ಐದು ಸಮ ಕಂತುಗಳಲ್ಲಿ, ಅದೇ 2 ಲಕ್ಷದ ಮಿತಿಯೊಳಗೆ, ಇಬ್ಬರೂ ತಮ್ಮ ಪಾಲಿನಂತೆ ಕಳೆಯಬೇಕು.

ಇಷ್ಟೆಲ್ಲ ಶ್ರಮ ಯಾರಿಗೆ ಲಾಭ ಎಂಬುದನ್ನು ಹೇಳದಿದ್ದರೆ ಓದುಗರಿಗೆ ಮೋಸ. 2025-26ರಲ್ಲಿ ಹೆಂಡತಿಯ ಸಂಬಳ 15 ಲಕ್ಷ ಎಂದಿಟ್ಟುಕೊಳ್ಳಿ. ಹಳೆ ಪದ್ಧತಿಯಲ್ಲಿ 2 ಲಕ್ಷ ಬಡ್ಡಿ, 80ಸಿಯ ಒಂದೂವರೆ ಲಕ್ಷ, ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ಕಳೆದರೂ ಸೆಸ್ ಸೇರಿ ತೆರಿಗೆ 1,48,200 ರೂಪಾಯಿ. ಬಡ್ಡಿ, ಅಸಲು ಯಾವುದನ್ನೂ ಕಳೆಯದ ಹೊಸ ಪದ್ಧತಿಯಲ್ಲಿ 97,500. ಆಕೆ ಹೊಸದಕ್ಕೆ ಹೋಗುವುದೇ ಜಾಣತನ. ಹಳೆ ಪದ್ಧತಿ ಗೆಲ್ಲಬೇಕಾದರೆ ಬೇರೆ ಊರಿನ ಬಾಡಿಗೆ ಮನೆಯ ಎಚ್‌ಆರ್‌ಎ, ಆರೋಗ್ಯ ವಿಮೆ, ಎನ್‌ಪಿಎಸ್‌ನಂಥ ಇತರ ಕಡಿತಗಳೂ ದೊಡ್ಡದಾಗಿರಬೇಕು. ಗಂಡ ಹೆಂಡತಿ ಬೇರೆ ಬೇರೆ ಪದ್ಧತಿ ಆರಿಸಿಕೊಳ್ಳಲು ಅಡ್ಡಿಯಿಲ್ಲ. ಆದರೆ ಆಕೆ ಹೊಸದಕ್ಕೆ ಹೋದ ವರ್ಷ ಆಕೆಯ ಪಾಲಿನ ಬಡ್ಡಿ ಗಂಡನಿಗೆ ಬರುವುದಿಲ್ಲ. ಮತ್ತು ಹಳೆ ಪದ್ಧತಿ ಬೇಕೆನ್ನುವವರು ರಿಟರ್ನ್ ಅನ್ನು ಗಡುವಿನೊಳಗೆ ಸಲ್ಲಿಸಲೇಬೇಕು. ತಡವಾದರೆ ಹೊಸ ಪದ್ಧತಿಯಲ್ಲೇ ತೆರಿಗೆ ಕಟ್ಟಬೇಕಾಗುತ್ತದೆ.