ಗೆರೆ ಬಿಟ್ಟು ಜಾರಿದ ಎರಡು ಚುಕ್ಕೆಗಳು

ಅಮೆರಿಕದ ಖಗೋಳ ವಿಜ್ಞಾನಿ ಸೈಮನ್ ನ್ಯೂಕಂಬ್ 1882ರಲ್ಲಿ ಬೆಳಕಿನ ವೇಗ ಅಳೆಯಲು ಕೂತರು. ಫೋರ್ಟ್ ಮೈಯರ್‌ನಿಂದ ಹೊರಟ ಬೆಳಕು ವಾಷಿಂಗ್ಟನ್ ಸ್ಮಾರಕದ ಬುಡದಲ್ಲಿದ್ದ ಕನ್ನಡಿಗೆ ತಾಗಿ ಮರಳಲು ಎಷ್ಟು ಹೊತ್ತು ಬೇಕು ಎಂಬ ಲೆಕ್ಕ. ಅವರ 66 ಅಳತೆಗಳನ್ನು 24,800 ನ್ಯಾನೋಸೆಕೆಂಡಿಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಬರೆದಿಡುವುದು ರೂಢಿ. 64 ಅಳತೆಗಳು 16ರಿಂದ 40ರ ಒಳಗಿವೆ. ಉಳಿದೆರಡು −2 ಮತ್ತು −44!

ಇಂಥ ಅಂಕಿಗಳು ಗಂಟೆಯಾಕಾರದ ನಾರ್ಮಲ್ ವಿತರಣೆಗೆ ಹೊಂದುತ್ತವೆಯೇ ಎಂದು ಕಣ್ಣಾರೆ ನೋಡುವ ಉಪಾಯವೇ ಕ್ಯೂ-ಕ್ಯೂ ಪ್ಲಾಟ್. ಮೊದಲು ಅಳತೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಬೇಕು. ಅತಿ ಚಿಕ್ಕದರ ಕ್ರಮಸಂಖ್ಯೆ 1. ಅದರಿಂದ ಅರ್ಧ ಕಳೆದು 66ರಿಂದ ಭಾಗಿಸಿದರೆ ಸುಮಾರು 0.0076. ನಾರ್ಮಲ್ ವಿತರಣೆಯಲ್ಲಿ ಅಷ್ಟು ಪಾಲು ಯಾವ ಬಿಂದುವಿನ ಕೆಳಗಿರುತ್ತದೆ? ಕೋಷ್ಟಕ −2.43 ಎನ್ನುತ್ತದೆ. ಅಡ್ಡ ಅಕ್ಷದಲ್ಲಿ ಇದು, ಲಂಬ ಅಕ್ಷದಲ್ಲಿ ನಿಜವಾದ ಅಳತೆ: ಒಂದು ಚುಕ್ಕೆ ಸಿದ್ಧ. ಉಳಿದವಕ್ಕೂ ಹೀಗೆಯೇ. ಅಂಕಿಗಳು ನಾರ್ಮಲ್ ಆಗಿದ್ದರೆ ಚುಕ್ಕೆಗಳು ಹೆಚ್ಚುಕಮ್ಮಿ ಒಂದೇ ಗೆರೆಯ ಮೇಲೆ ಸಾಗುತ್ತವೆ.

ಆ 64 ಅಳತೆಗಳ ಸರಾಸರಿ 27.75, ಪ್ರಮಾಣ ವಿಚಲನೆ ಸುಮಾರು 5.1. ಅದೇ ಗೆರೆ ಎಳೆದರೆ ಅತಿ ದೊಡ್ಡ ಅಳತೆ 40ರ ಹತ್ತಿರ ಇರಬೇಕು, ಇರುವುದೂ 40. ಅತಿ ಚಿಕ್ಕದು 15ರ ಆಸುಪಾಸು ಇರಬೇಕಿತ್ತು, ಇರುವುದು −44. ಬಲತುದಿ ಗೆರೆ ಹಿಡಿದು ನಡೆದರೆ, ಎಡತುದಿಯ ಎರಡು ಚುಕ್ಕೆಗಳು ಕೆಳಕ್ಕೆ ಜಾರಿವೆ. ಗೆರೆ ಎಳೆಯುವಾಗ ಇಂಥವನ್ನೂ ಸೇರಿಸಿಕೊಂಡರೆ ಅವು ಗೆರೆಯನ್ನೇ ತಮ್ಮತ್ತ ಎಳೆದುಬಿಡುತ್ತವೆ. ಅದಕ್ಕೇ ಆರ್ ತಂತ್ರಾಂಶದ `qqline` ತುದಿಗಳ ಗೋಜಿಗೆ ಹೋಗದೆ ಕಾಲು ಮತ್ತು ಮುಕ್ಕಾಲು ಪಾಲಿನ ಬಿಂದುಗಳ ಮೂಲಕ ಹಾಯುತ್ತದೆ. ಜಾಣತನದ ಏರ್ಪಾಡು.

ದಪ್ಪ ಬಾಲದ ಚಿತ್ರ ಬೇರೆ. ಷೇರುಪೇಟೆಯ ದಿನವಹಿ ಏರಿಳಿತದಲ್ಲಿ ಅದು ಎದ್ದು ಕಾಣುತ್ತದೆ: ನಡುವಿನ ಚುಕ್ಕೆಗಳು ನೆಟ್ಟಗಿರುತ್ತವೆ, ಎಡತುದಿ ಗೆರೆಯ ಕೆಳಗೆ ಕುಸಿಯುತ್ತದೆ, ಬಲತುದಿ ಮೇಲಕ್ಕೆ ಚಿಮ್ಮುತ್ತದೆ. ಸೆನ್ಸೆಕ್ಸ್ ಒಂದೇ ದಿನ ಶೇ. 13ರಷ್ಟು ಬಿದ್ದ 2020ರ ಮಾರ್ಚ್ 23ರಂಥ ದಿನಗಳು ಆ ಕೆಳತುದಿಯಲ್ಲಿ ಕೂರುತ್ತವೆ. ಓರೆ ಹಾಗಲ್ಲ. ಮನೆಗಳ ಆದಾಯದಂತೆ ಬಲಕ್ಕೆ ಉದ್ದವಾದ ಅಂಕಿಗಳಲ್ಲಿ ಎರಡೂ ತುದಿಗಳು ಗೆರೆಯ ಮೇಲೇಳುತ್ತವೆ, ನಡುಭಾಗ ಕೆಳಗೆ ಬಾಗುತ್ತದೆ. ಎಡಕ್ಕೆ ಓರೆಯಾದರೆ ಈ ಬಾಗು ತಲೆಕೆಳಗು. ಕೆಲವು ತಂತ್ರಾಂಶಗಳು ಅಕ್ಷಗಳನ್ನೇ ಅದಲುಬದಲು ಮಾಡುತ್ತವೆ. ಆಗ ಈ ಓದೂ ತಿರುವುಮುರುವು.

ಇಪ್ಪತ್ತು ಚುಕ್ಕೆಗಳಷ್ಟೇ ಇದ್ದರೆ ಅಪ್ಪಟ ನಾರ್ಮಲ್ ಅಂಕಿಗಳ ತುದಿಗಳೂ ಅತ್ತಿತ್ತ ತೊನೆಯುತ್ತವೆ, ಗಾಬರಿ ಬೇಡ. ಇನ್ನೊಂದು ಮಿತಿ ದೊಡ್ಡದು. ಬೆಳಕಿನ ವೇಗದ ಇಂದಿನ ಮೌಲ್ಯದ ಪ್ರಕಾರ ನ್ಯೂಕಂಬ್‌ಗೆ ಸಿಗಬೇಕಿದ್ದ ಸಂಖ್ಯೆ ಸುಮಾರು 33. ಗೆರೆಯ ಮೇಲೆ ಶಿಸ್ತಾಗಿ ನಿಂತ ಅಳತೆಗಳ ಸರಾಸರಿಯೂ ಅದಕ್ಕಿಂತ ಐದರಷ್ಟು ಕಡಿಮೆ. ಕ್ಯೂ-ಕ್ಯೂ ಪ್ಲಾಟ್ ಅಂಕಿಗಳ ಆಕಾರವನ್ನಷ್ಟೇ ಪರೀಕ್ಷಿಸುತ್ತದೆ. ಉಪಕರಣದ ತಪ್ಪು ಅದರಲ್ಲಿ ಕಾಣುವುದಿಲ್ಲ.